ಮಾವಂಗೆ ಪಾಸ್‌ಪೋರ್ಟ್ ಇಲ್ಲ, ಮಾವನ ಕಾರ್ಡಿಗೆ ಇದೆ

ನಮ್ಮ ಸೋದರಮಾವಂದು ಮಂಡ್ಯದ ಹತ್ರ ಒಂದು ಹಳ್ಳಿ, ಎರಡೆಕರೆ ಕಬ್ಬು, ಅರ್ಧ ಎಕರೆ ಭತ್ತ. ಜೀವಮಾನದಲ್ಲಿ ಅವರು ನೋಡಿರೋ ಅತಿ ದೂರದ ಊರು ತಿರುಪತಿ, ಅದೂ ಮುಡಿ ಕೊಡಕ್ಕೆ ಹೋಗಿದ್ದು. ಆದ್ರೆ ಅವರ ಜೇಬಲ್ಲಿರೋ ಡೆಬಿಟ್ ಕಾರ್ಡ್ ಇದ್ಯಲ್ಲ, ಅದು ಮಾತ್ರ ವೀಸಾ ಗೀಸಾ ಏನೂ ಇಲ್ದೆ ರಾತ್ರೋರಾತ್ರಿ ಅಮೆರಿಕಕ್ಕೆ ಹೋಗಿ ಶಾಪಿಂಗ್ ಮಾಡ್ಕೊಂಡು ಬಂತು.

ರಾತ್ರಿ ಎರಡೂವರೆಗೆ ತ್ರೀ ಫೇಸ್ ಕೊಟ್ಟಿದ್ರಂತೆ, ಮೋಟ್ರು ಹಾಕಕ್ಕೆ ಎದ್ದವರು ಮೊಬೈಲ್ ಟಾರ್ಚ್ ಹಚ್ಚಿದ್ರೆ ಮೆಸೇಜು, ಎಂಬತ್ತು ಚಿಲ್ಲರೆ ರೂಪಾಯಿ ಕಟ್. ಯಾವ್ದೋ ಕರೆನ್ಸಿ ರೀಚಾರ್ಜಿನ ದುಡ್ಡು ಇರ್ಬೇಕು ಅಂತ ಸುಮ್ನಾದ್ರು. ಅದು ಒಂದು ಡಾಲರ್ರು. ಕದ್ದ ಕಾರ್ಡ್ ನಂಬರ್ ಜೀವಂತ ಇದ್ಯಾ ಅಂತ ಕಳ್ಳ ಮೊದಲು ಹಿಂಗೆ ಚಿಲ್ಲರೆ ಹಾಕಿ ನೋಡ್ತಾನೆ, ಮನೆಗೆ ನುಗ್ಗೋ ಮುಂಚೆ ನಾಯಿ ಇದ್ಯಾ ಅಂತ ಕಲ್ಲು ಎಸೆದು ನೋಡ್ತಾರಲ್ಲ ಹಂಗೆ. ನಮ್ ಮಾವನ ನಾಯಿ ಬೊಗಳಲಿಲ್ಲ. ಮಾರನೇ ರಾತ್ರಿ ಮೂರು ಸಲ, ಒಂದೊಂದು ಸಲಕ್ಕೂ ಮೂರು ಸಾವಿರದ ಮೇಲೆ.

ಬೆಳಿಗ್ಗೆ ಆರಕ್ಕೇ ನಂಗೆ ಮೈಸೂರಿಗೆ ಫೋನು. "ಅಳಿಯ, ನಾನು ಯಾರ್ಗೂ ಓಟಿಪಿ ಹೇಳಿಲ್ಲ ಕಲಾ, ನಮ್ಮಪ್ಪನಾಣೆ." ಮಾವ ಸುಳ್ಳು ಹೇಳಿರಲಿಲ್ಲ. ಓಟಿಪಿ ಬಂದೇ ಇರಲಿಲ್ಲ. ನಮ್ ದೇಶದ ಆನ್‌ಲೈನ್ ಅಂಗಡಿಲಿ ಕಾರ್ಡ್ ಹಾಕಿ ಇನ್ನೂರು ರೂಪಾಯಿ ಚಡ್ಡಿ ತಗೊಂಡ್ರೂ ಓಟಿಪಿ ಕೇಳ್ತಾರೆ, ಆದ್ರೆ ಎಷ್ಟೋ ಹೊರದೇಶದ ವೆಬ್‌ಸೈಟಲ್ಲಿ ನಂಬರ್ರು, ಎಕ್ಸ್‌ಪೈರಿ, ಹಿಂದುಗಡೆ ಮೂರು ಅಂಕಿ ಹಾಕಿದ್ರೆ ಮುಗೀತು, ದುಡ್ಡು ವಿಮಾನ ಹತ್ತುತ್ತೆ.

ಮೊದ್ಲು ಫೋನಲ್ಲೇ ಕಾರ್ಡ್ ಬ್ಲಾಕ್ ಮಾಡಿಸಿ ಕಂಪ್ಲೇಂಟ್ ನಂಬರ್ ಬರೆಸ್ಕೊಂಡೆ. ನಂಬರೇ ಕಳ್ಳನ ಕೈಲಿರುವಾಗ ಬರೀ ಸ್ವಿಚ್ ಆಫ್ ಮಾಡಿ ಕೂತ್ರೆ ಆಗಲ್ಲ, ಕಾರ್ಡೇ ಬದಲಾಗ್ಬೇಕು. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ತಪ್ಪು ನಮ್ಮದೂ ಅಲ್ಲ ಬ್ಯಾಂಕಿಂದೂ ಅಲ್ಲ ಅಂದಾಗ ಮೆಸೇಜ್ ಬಂದ ಮೂರು ವರ್ಕಿಂಗ್ ಡೇ ಒಳಗೆ ತಿಳಿಸಿದ್ರೆ ಗ್ರಾಹಕನ ತಲೆ ಮೇಲೆ ಒಂದು ರೂಪಾಯೂ ಬರಲ್ಲ. ನಾವು ಟೈಮಿಗೆ ಸರಿಯಾಗಿ ಹೇಳಿದ್ವಿ, ದುಡ್ಡು ವಾಪಸ್ ಬಂತು, ಆ ಕತೆ ಅಲ್ಲಿಗೆ ಬಿಡಿ.

ನನ್ನ ತಲೆ ಕೆಡಿಸಿದ್ದು ಬೇರೆ. ಈ ಕಾರ್ಡಿಗೆ ಫಾರಿನ್ ಬಾಗಿಲು ತೆಗೆದಿದ್ದು ಯಾರು? ಯಾಕಂದ್ರೆ 2020ರ ಅಕ್ಟೋಬರ್ 1ರಿಂದ ರೂಲ್ಸೇ ಇದೆ, ಹೊಸ ಕಾರ್ಡ್ ಕೊಡುವಾಗ ಭಾರತದ ಎಟಿಎಂ ಮತ್ತೆ ಸ್ವೈಪ್ ಮಿಷನ್ ಎರಡರಲ್ಲಿ ಮಾತ್ರ ನಡೀಬೇಕು, ಆನ್‌ಲೈನು, ಟ್ಯಾಪು, ಇಂಟರ್‌ನ್ಯಾಷನಲ್ಲು ಎಲ್ಲಾ ಗ್ರಾಹಕನೇ ಬೇಕು ಅಂತ ಆನ್ ಮಾಡ್ಕೋಬೇಕು. ಮಾವನ ಕಾರ್ಡ್ ಅದಾದ್ಮೇಲೆ ಬಂದಿದ್ದು. ಕೆದಕಿ ಕೆದಕಿ ಕೇಳಿದ್ಮೇಲೆ ಗೊತ್ತಾಯ್ತು, ಮೊಮ್ಮಗಳ ಪರೀಕ್ಷೆ ಫೀಸ್ ಕಟ್ಟುವಾಗ ಆ್ಯಪಲ್ಲಿ ಒಂದು ಹಳದಿ ಬಟನ್ ಬಂದಿತ್ತಂತೆ, ನಿಮ್ಮ ಕಾರ್ಡಿನ ಸಂಪೂರ್ಣ ಪ್ರಯೋಜನ ಪಡೆಯಿರಿ, ಎನೇಬಲ್ ಆಲ್. ಮಾವ ಒತ್ತಿದ್ರು. ಒಂದೇ ಒತ್ತು. ಐನೂರು ರೂಪಾಯಿ ಫೀಸ್ ಕಟ್ಟಕ್ಕೆ ಅಂತ ತೆಗೆದ ಬಾಗಿಲಲ್ಲಿ ಇಡೀ ಪ್ರಪಂಚ ಒಳಗೆ ಬಂತು.

ಆನ್ ಮಾಡಕ್ಕೆ ಒಂದು ಒತ್ತು ಸರಿ, ಆಫ್ ಮಾಡಕ್ಕೆ ಎಷ್ಟು ಅಂತ ಹೊಸ ಕಾರ್ಡ್ ಬಂದ ಭಾನುವಾರ ಜಗಲಿ ಮೇಲೆ ಕೂತು ಎಣಿಸಿದ್ವಿ. ಹೊಸದ್ರಲ್ಲಿ ಫಾರಿನ್ ಆಫ್ ಇರ್ಬೇಕಿತ್ತು, ಇತ್ತು ಕೂಡ, ಆದ್ರೆ ಅದನ್ನ ತೋರಿಸ್ತೀನಿ ಅಂತ ಹೋದ ನಾನೇ ಅವಸರದಲ್ಲಿ ಹಳದಿ ಬಟನ್ ಒತ್ಬುಟ್ಟೆ (ಮಾವ ಇದನ್ನ ಊರಿಗೆಲ್ಲಾ ಹೇಳಿದಾರೆ). ಸರಿ, ಈಗ ಆಫ್ ಮಾಡ್ಬೇಕು. ಪಿನ್ ಹಾಕಿ ಒಳಗೋಗು, ಲೋನ್ ಬೇಕಾ ಅಂತ ಕೇಳುತ್ತೆ ಬ್ಯಾಡ ಅನ್ನು, ಕಾರ್ಡ್ಸ್, ಅದ್ರೊಳಗೆ ಮ್ಯಾನೇಜ್ ಕಾರ್ಡ್, ಅದ್ರೊಳಗೆ ಯೂಸೇಜ್ ಅಂಡ್ ಲಿಮಿಟ್, ಅಲ್ಲಿ ಡೊಮೆಸ್ಟಿಕ್ ಒಂದು ಕಡೆ ಇಂಟರ್‌ನ್ಯಾಷನಲ್ ಇನ್ನೊಂದು ಕಡೆ, ಇಂಟರ್‌ನ್ಯಾಷನಲ್ ಒಳಗೆ ಮತ್ತೆ ಎಟಿಎಂಗೆ, ಸ್ವೈಪಿಗೆ, ಆನ್‌ಲೈನಿಗೆ, ಟ್ಯಾಪಿಗೆ ಅಂತ ನಾಲ್ಕು ಸ್ವಿಚ್ಚು. ನಾಲ್ಕೂ ಎಡಕ್ಕೆ ತಳ್ಳಿ ಅಬ್ಬಾ ಅಂತ ಹಿಂದೆ ಬಂದು ಮತ್ತೆ ಹೋಗಿ ನೋಡಿದ್ರೆ ನಾಲ್ಕೂ ಆನ್! ಯಾಕಂದ್ರೆ ಕೆಳಗೆ ಫಿಕ್ಸೆಡ್ ಡೆಪಾಸಿಟ್ ಜಾಹೀರಾತಿನ ಬುಡದಲ್ಲಿ ಸೇವ್ ಅಂತ ಬಟನ್ ಇದೆ, ಅದನ್ನ ಒತ್ತಿ, ಷರತ್ತು ಒಪ್ಪಿದ್ದೇನೆ ಅಂತ ಟಿಕ್ ಹಾಕಿ, ಆಮೇಲೆ ಏನ್ ಬರುತ್ತೆ ಗೊತ್ತಾ? ಓಟಿಪಿ!

ಮಾವ ಕನ್ನಡಕ ತೆಗೆದು ನನ್ನ ಮುಖ ನೋಡಿದ್ರು. "ಕಳ್ಳ ದುಡ್ಡು ಎತ್ಕಂಡೋಗಕ್ಕೆ ಓಟಿಪಿ ಬ್ಯಾಡ, ನಾನು ಬಾಗ್ಲು ಹಾಕಕ್ಕೆ ಓಟಿಪಿ ಬೇಕಾ? ಮೋಟ್ರು ಹಿಂಗಿದ್ದಿದ್ರೆ ನನ್ ಗದ್ದೆ ಕೊಚ್ಕಂಡೋಗಿ ಕಾವೇರಿ ಸೇರ್ತಿತ್ತು ಕಲಾ."

ಆಫ್ ಆಯ್ತಾ ಇಲ್ವಾ ಅಂತ ಆ್ಯಪಿನ ಬಣ್ಣ ನೋಡಿ ನಂಬ್ಬೇಡಿ, ಕಾರ್ಡಲ್ಲಿ ಏನೇ ಬದಲಾದ್ರೂ ಬ್ಯಾಂಕಿಂದ ಮೆಸೇಜ್ ಬರ್ಬೇಕು, ಬರ್ಲಿಲ್ಲ ಅಂದ್ರೆ ಲಾಗೌಟ್ ಆಗಿ ಮತ್ತೆ ಒಳಗೋಗಿ ನೋಡ್ಬೇಕು.

ಮುಂದಿನ ಯಾಗ ಆನ್‌ಲೈನ್ ಲಿಮಿಟ್ಟು. ಸೊನ್ನೆಯಿಂದ ಒಂದು ಲಕ್ಷದವರೆಗೆ ಒಂದು ಗೆರೆ, ಮೇಲೊಂದು ಗುಂಡು, ಅದನ್ನ ಎಳೆದು ಮೂರು ಸಾವಿರದ ಮೇಲೆ ನಿಲ್ಲಿಸ್ಬೇಕು. ನಮ್ ಮಾವನ ಹೆಬ್ಬೆಟ್ಟು ಕುಡುಗೋಲು ಹಿಡಿದು ಬೆಳೆದಿದ್ದು, ಸ್ಕ್ರೀನ್ ಮೇಲೆ ಇಟ್ರೆ ಇಪ್ಪತ್ತು ಸಾವಿರ ಮುಚ್ಚೋಗುತ್ತೆ. ಎಳೆದ್ರೆ 41,000, ಸ್ವಲ್ಪ ಹಿಂದಕ್ಕೆ ಅಂದ್ರೆ ಸೊನ್ನೆ. ಕಡೆಗೆ ಆ ಅಂಕಿ ಮೇಲೇ ಒತ್ತಿದ್ರೆ ಟೈಪ್ ಮಾಡ್ಬೋದು ಅಂತ ಕಂಡುಹಿಡಿದಿದ್ದು ಮೊಮ್ಮಗಳು, ಅದನ್ನ ಎಲ್ಲೂ ಬರೆದಿಲ್ಲ.

ಈ ಲಿಮಿಟ್ಟು ದಿನದ ಲೆಕ್ಕ, ತಿಂಗಳದ್ದಲ್ಲ. ಟೀ ಅಂಗಡಿಲಿ ಸ್ಕ್ಯಾನ್ ಮಾಡಿ ಕೊಡೋ ಯುಪಿಐಗೂ ಇದಕ್ಕೂ ಸಂಬಂಧ ಇಲ್ಲ, ಅದರ ದಾರಿ ಬೇರೆ. ಹದಿನೈದು ದಿನ ಆದ್ಮೇಲೆ ಮಾವ 3,400 ರೂಪಾಯಿದು ಔಷಧಿ ಹೊಡೆಯೋ ಸ್ಪ್ರೇಯರ್ ಆನ್‌ಲೈನಲ್ಲಿ ತಗೊಳಕ್ಕೋದ್ರೆ ಡಿಕ್ಲೈನ್ಡ್ ಬೈ ಬ್ಯಾಂಕ್ ಅಂತ ಬಂತು, ಲಿಮಿಟ್ ದಾಟಿದೆ ಅಂತ ಒಂದು ಮಾತು ಹೇಳ್ಬಾರ್ದಾ? ಮಾವ ಅಕೌಂಟೇ ಮತ್ತೆ ಖಾಲಿ ಆಯ್ತು ಅಂದ್ಕೊಂಡು ಪಾಸ್‌ಬುಕ್ ಎತ್ಕೊಂಡು ಬ್ಯಾಂಕಿಗೆ ಓಡಿದಾರೆ.

ಇನ್ನು ಸೇವ್ ಆಗಿರೋ ಕಾರ್ಡು. 2022ರ ಅಕ್ಟೋಬರ್‌ನಿಂದ ಇಲ್ಲಿನ ಅಂಗಡಿಯವರು ನಮ್ ಕಾರ್ಡ್ ನಂಬರ್ ಇಟ್ಕೊಳೋ ಹಂಗಿಲ್ಲ, ಬದಲಿಗೆ ಟೋಕನ್ ಇಟ್ಕೋತಾರೆ, ಒಂದೊಂದು ಅಂಗಡಿಗೂ ಬೇರೆ ಬೇರೆ, ಒಂದರ ಟೋಕನ್ ಕದ್ರೆ ಇನ್ನೊಂದು ಕಡೆ ನಡೆಯಲ್ಲ. ಒಳ್ಳೆ ಏರ್ಪಾಟೇ, ಹೊರದೇಶದ ಸೈಟುಗಳಿಗೆ ಈ ಕಟ್ಟಳೆ ತಾಗಲ್ಲ ಅನ್ನೋದು ಬಿಟ್ರೆ. ಟೋಕನ್ ಪಟ್ಟಿ ನೋಡಿ ಅಳಿಸೋ ಜಾಗ ಬ್ಯಾಂಕಿನ ಆ್ಯಪಲ್ಲೇ ಇದೆ, ಆದ್ರೆ ಪಟ್ಟಿಲಿ ಅಂಗಡಿಯ ಬೋರ್ಡಿನ ಹೆಸರಿಲ್ಲ, ಯಾವ್ದೋ ಪ್ರೈವೇಟ್ ಲಿಮಿಟೆಡ್ ಅಂತ ಕಾಗದದ ಹೆಸರಿದೆ. ಯಾರಿವನು ಅಂತ ಮಾವ ಕೇಳಿದ್ರು, ನಂಗೂ ಗೊತ್ತಾಗ್ಲಿಲ್ಲ, ಅಳಿಸಿದ್ವಿ. ಅದು ಸ್ಪ್ರೇಯರ್ ಅಂಗಡಿ ಆಗಿತ್ತು. ಏನೂ ನಷ್ಟ ಇಲ್ಲ, ಮುಂದಿನ ಸಲ ನಂಬರ್ ಮತ್ತೆ ಹೊಡೀಬೇಕು ಅಷ್ಟೆ.

ಈಗ ಮಾವ ಡೊಮೆಸ್ಟಿಕ್ ಆನ್‌ಲೈನನ್ನೂ ಆಫ್ ಇಟ್ಟಿರ್ತಾರೆ, ಬೇಕಾದಾಗ ಆನ್, ಕೆಲಸ ಆದ್ಮೇಲೆ ಆಫ್, ಥೇಟ್ ಮೋಟ್ರು ಥರಾನೇ. ನಿನ್ನೆ ಮತ್ತೆ ಫೋನ್ ಬಂತು. "ಅಳಿಯ, ಆ ಹಳ್ದಿ ಬಟನ್ ಮತ್ತೆ ಬಂದೈತೆ, ಸಂಪೂರ್ಣ ಪ್ರಯೋಜನ ಅಂತೆ. ಬ್ಯಾಡ ಅನ್ನಕ್ಕೆ ಬಟನ್ನೇ ಕಾಣ್ತಿಲ್ಲ, ಫೋನ್ ಆಫ್ ಮಾಡ್ಬುಡ್ಲಾ?"