ಅಕೇಶವಾಸ್ಯೆಯ ರಾತ್ರಿ

ನಿರ್ದೇಶಕರು ನನ್ನ ಚಿತ್ರಕಥೆಯನ್ನು ಕೈಗೆ ತೆಗೆದುಕೊಂಡವರು ಮೊದಲು ಓದಲಿಲ್ಲ, ತೂಗಿದರು. ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿ, "ಎಷ್ಟು ಪುಟ?" ಅಂದರು.

"138."

"ಇಪ್ಪತ್ತು ತೆಗೀರಿ. ಆದ್ರೆ ಕೊನೇಲಿ ಅಳು ಬರ್ಬೇಕು, ಅದು ಹೋಗಬಾರದು."

ಅಳು ಬರಬೇಕಾದದ್ದು ನೋಡುಗರಿಗೆ. ಅವತ್ತು ಬಂದದ್ದು ನನಗೆ.

ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಅನ್ನುವುದು ಈ ಕಸುಬಿನ ಕೈಲೆಕ್ಕ. ಅದು ಹುಟ್ಟಿದ್ದು ಇಂಗ್ಲಿಷಿನ 12 ಪಾಯಿಂಟ್ ಕೊರಿಯರ್ ಅಕ್ಷರಕ್ಕೆ. ಆ ಅಕ್ಷರದಲ್ಲಿ 'ಐ'ಗೂ 'ಡಬ್ಲ್ಯೂ'ಗೂ ಒಂದೇ ಅಗಲ. ಒತ್ತು, ದೀರ್ಘ, ಕೊಂಬು ಎಲ್ಲ ಹೊತ್ತುಕೊಂಡು ಓಡಾಡುವ ನಮ್ಮ ಅಕ್ಷರಗಳಿಗೆ ಅದು ಹಾಗೇ ಒಗ್ಗುವುದಿಲ್ಲ. ಅದಕ್ಕೇ ನಿರ್ದೇಶಕರು ಸ್ಟಾಪ್‌ವಾಚ್ ಹಿಡಿದು ಹಳೆಯ ಸ್ಕ್ರಿಪ್ಟೊಂದನ್ನು ಗಟ್ಟಿಯಾಗಿ ಓದಿಸಿ, ಇಂಥ ಫಾಂಟು, ಇಷ್ಟು ಗಾತ್ರ, ಸಾಲಿನ ನಡುವೆ ಇಷ್ಟು ಜಾಗ ಎಂದು ಒಂದು ಅಚ್ಚು ಮಾಡಿಟ್ಟಿದ್ದರು. ಎಲ್ಲರೂ ಅದರಲ್ಲೇ ಬರೆಯಬೇಕು.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ, ಆ ಗಾತ್ರವನ್ನು ಅರ್ಧ ಪಾಯಿಂಟ್ ಇಳಿಸಿದ್ದು. ಅಂಚನ್ನೂ ಒಂದು ಕೂದಲೆಳೆ ಒಳಗೆ ತಳ್ಳಿದೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಒಂಬತ್ತು ಪುಟ ಮಾಯ! ಒಂದು ಅಕ್ಷರವನ್ನೂ ಕಳೆದುಕೊಳ್ಳದೆ ತೂಕ ಇಳಿಸಿದ ಹೆಮ್ಮೆಯಲ್ಲಿ ಮರುದಿನವೇ ಕೊಂಡೊಯ್ದೆ. ನಿರ್ದೇಶಕರು ಒಂದು ಹಾಳೆ ಎಳೆದು, ಅದರ ಮೇಲೆ ಬೇರೆ ಯಾರದೋ ಸ್ಕ್ರಿಪ್ಟಿನ ಹಾಳೆ ಇಟ್ಟು, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಸಾಲಿನ ಮೇಲೆ ಸಾಲು ಕೂರಲಿಲ್ಲ. ಅವರೇನೂ ಬೈಯಲಿಲ್ಲ. "ಪ್ಯಾಂಟ್ ಬಿಗಿ ಆಯ್ತು ಅಂದ್ರೆ ಉಸಿರು ಬಿಗಿ ಹಿಡಿದು ನಿಲ್ಲೋದಲ್ಲಪ್ಪಾ" ಎಂದು ಎರಡೂ ಹಾಳೆಯನ್ನು ನನ್ನ ಕೈಗೇ ಕೊಟ್ಟರು.

ಕಥೆ ಇಷ್ಟು. ಅಪ್ಪ ಸತ್ತ ದಿನ ಅಣ್ಣ ಮಾಧವ, ದೂರದ ಊರಿನಲ್ಲಿದ್ದ ತಮ್ಮ ಶೇಖರನಿಗೆ ಸುದ್ದಿ ಮುಟ್ಟಿಸಲಿಲ್ಲ. ತಮ್ಮ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಮಾತಿಲ್ಲ. ಆರು ವರ್ಷವಾದ ಮೇಲೆ ಅಪ್ಪನ ಹಳೇ ಲಾರಿಯನ್ನು ಕೊಂಡವನಿಗೆ ಮುಟ್ಟಿಸಲು ಇಬ್ಬರೂ ಒಂದೇ ಕ್ಯಾಬಿನ್ನಿನಲ್ಲಿ ಕೂತು ಹೊರಡಬೇಕಾಗುತ್ತದೆ. ಕೊನೆಯಲ್ಲಿ ಒಂದು ರಾತ್ರಿ ಲಾರಿ ನಿಲ್ಲಿಸಿಕೊಂಡು ಅಣ್ಣ ಬಾಯಿಬಿಡುತ್ತಾನೆ: "ಮೂರು ಸಲ ಫೋನ್ ಹಚ್ಚಿದ್ದೆ ಕಣೋ. ಮೂರು ಸಲಾನೂ ನೀನು ಹಲೋ ಅಂದೆ. ಆ ಹಲೋನಲ್ಲಿ ನಗು ಇತ್ತು. ಅದನ್ನ ಕೆಡಿಸೋಕೆ ನನ್ನ ಕೈಲಿ ಆಗ್ಲಿಲ್ಲ."

ಇದನ್ನು ಹೇಳಲು 138 ಪುಟ ಯಾಕೆ ಬೇಕಾಯಿತು ಎಂದು ಕೇಳಬೇಡಿ. ನಿರ್ದೇಶಕರು ಕೇಳಿಯಾಗಿದೆ.

ಎರಡನೇ ಸುತ್ತಿಗೆ ಕೆಂಪು ಪೆನ್ನು ಹಿಡಿದು ರಾತ್ರಿಯಿಡೀ ಕೂತೆ. ಸಂಭಾಷಣೆಗೆ ಪೆನ್ನು ಸೋಕಿಸಲು ಮನಸ್ಸು ಬರಲಿಲ್ಲ, ಒಂದೊಂದೂ ನಾನು ಹೆತ್ತ ಮಾತು. ಹಾಗಾಗಿ ಯಾರೂ ಮಾತಾಡದ ಕಡೆಯೆಲ್ಲ ಕತ್ತರಿ ಬಿತ್ತು. ಅಣ್ಣ ಸುಮ್ಮನೆ ಕೂತಿರುವುದು, ತಮ್ಮ ಕಿಟಕಿಯಾಚೆ ನೋಡುವುದು, ಒಂಬತ್ತನೇ ಪುಟದಲ್ಲಿ ಅಣ್ಣ ಫೋನ್ ತಿರುಗಿಸಿ ಒಂದು ಕ್ಷಣ ಕಿವಿಗಿಟ್ಟುಕೊಂಡು ಮಾತಾಡದೆ ಕೆಳಗಿಡುವುದು. ಏನೂ ನಡೆಯದ ದೃಶ್ಯಗಳು ಎಂದು ಧೈರ್ಯವಾಗಿ ಹೊಡೆದು ಹಾಕಿದೆ. ಬೆಳಗಾಗುವ ಹೊತ್ತಿಗೆ 118 ಪುಟ. ಹೆಂಡತಿಗೆ ಕೊಟ್ಟು, ಎದುರಿಗೇ ಕುರ್ಚಿ ಹಾಕಿಕೊಂಡು ಅವಳ ಮುಖವನ್ನೇ ನೋಡುತ್ತ ಕೂತೆ. ಕೊನೆಯ ಹಾಳೆಗೆ ಕಣ್ಣು ತುಂಬಬೇಕಿತ್ತು. ಹುಬ್ಬು ಗಂಟಿಕ್ಕಿತು.

"ರೀ, ಇವನ್ಯಾಕೆ ಅಳ್ತಿದ್ದಾನೆ?"

"ಅಣ್ಣ ಫೋನ್ ಮಾಡಿದ್ನಲ್ಲ, ಅದಕ್ಕೆ."

"ಯಾವಾಗ ಮಾಡಿದ್ದ?"

ಹಾಳೆ ಮಗುಚಿದೆ. ಎಲ್ಲೂ ಮಾಡಿರಲಿಲ್ಲ. ಮಾಡಿದ್ದ ಒಂದೇ ಜಾಗವನ್ನು ನಾನೇ ಕೆಂಪು ಮಾಡಿ ಕಳಿಸಿದ್ದೆ. ಈಗ ಅಣ್ಣನ ಕೊನೆಯ ಮಾತು ಸತ್ಯದಂತೆ ಕೇಳುತ್ತಿರಲಿಲ್ಲ. ಸಿಕ್ಕಿಬಿದ್ದವನು ಆ ಹೊತ್ತಿಗೆ ಹೊಸೆದ ನೆಪದಂತಿತ್ತು. ಅರ್ಧ ಪುಟದ ಮೌನ ಹೋದದ್ದಕ್ಕೆ ಆರು ಪುಟದ ಕ್ಲೈಮ್ಯಾಕ್ಸ್ ನೆಲಕಚ್ಚಿತ್ತು. ಹಳೆಯ ಪ್ರತಿಯ ಮೇಲೇ ಸೇವ್ ಮಾಡಿದ್ದೆ ಬೇರೆ. ಪುಣ್ಯಕ್ಕೆ ನಿರ್ದೇಶಕರಿಗೆ ಕಳಿಸಿದ್ದ ಇಮೇಲಿನಲ್ಲಿ 138 ಪುಟವೂ ಜೀವಂತವಾಗಿತ್ತು.

ಮೂರನೇ ಸುತ್ತನ್ನು ಹಿಂದಿನಿಂದ ಮುಂದಕ್ಕೆ ಶುರು ಮಾಡಿದೆ. ಮೊದಲು ಕೊನೆಯ ದೃಶ್ಯ ಓದುವುದು, ಅಲ್ಲಿನ ಒಂದೊಂದು ಮಾತೂ ಹಿಂದಿನ ಯಾವ ದೃಶ್ಯದ ಸಾಲ ತೀರಿಸುತ್ತಿದೆ ಎಂದು ಹುಡುಕುವುದು. 'ಮೂರು ಸಲ ಫೋನ್' ಅನ್ನುವುದಕ್ಕೆ ಒಂಬತ್ತನೇ ಪುಟ ಬೇಕು. 'ನೀನು ಹಲೋ ಅಂದೆ' ಅನ್ನುವುದಕ್ಕೆ, ಅವತ್ತು ಯಾರೋ ಪದೇಪದೇ ಫೋನ್ ಮಾಡಿ ಮಾತಾಡದೆ ಇಟ್ಟರು ಎಂದು ತಮ್ಮ ಬೇರೆ ಯಾವುದೋ ಮಾತಿನ ನಡುವೆ ಹೇಳುವ ಒಂದು ಸಾಲು ಬೇಕು. ಇಂಥವು ಹನ್ನೊಂದು ಕಡೆ ಸಿಕ್ಕವು, ಹನ್ನೊಂದಕ್ಕೂ ಹಸಿರು ಗೆರೆ ಎಳೆದೆ. ಮನೆಗೆ ಬೆಂಕಿ ಬಿದ್ದರೂ ಹಸಿರಿಗೆ ಕೈ ಹಾಕುವಂತಿಲ್ಲ. ಉಳಿದ ಪ್ರತಿ ದೃಶ್ಯಕ್ಕೂ ಒಂದೊಂದು ಚೀಟಿ ಮಾಡಿ, ಇದಕ್ಕೆ ಮುಂಚೆ ತಮ್ಮ ಅಣ್ಣನನ್ನು ಏನೆಂದುಕೊಂಡಿದ್ದ, ಇದಾದ ಮೇಲೆ ಏನೆಂದುಕೊಂಡ, ಎರಡೇ ಮಾತು ಬರೆದೆ. ಎರಡೂ ಒಂದೇ ಆಗಿದ್ದರೆ ಆ ದೃಶ್ಯ ಕಟಕಟೆ ಹತ್ತಬೇಕು. (ಹಸಿರು ಗೆರೆ ಮೊದಲು, ಚೀಟಿ ಆಮೇಲೆ. ಬರೀ ಚೀಟಿಯನ್ನು ನಂಬಿದ್ದರೆ ಒಂಬತ್ತನೇ ಪುಟ ಮತ್ತೆ ಹೋಗುತ್ತಿತ್ತು, ಅಲ್ಲಿ ತಮ್ಮನೇ ಇಲ್ಲ.)

ಮೊದಲು ಕಟಕಟೆ ಹತ್ತಿದವು ಜಗಳಗಳು. ನನ್ನ ಅಣ್ಣತಮ್ಮ ಮೂರು ಸಲ ಜಗಳವಾಡುತ್ತಿದ್ದರು. 22ನೇ ಪುಟದಲ್ಲಿ ದುಡ್ಡಿಗೆ, 41ರಲ್ಲಿ ಲಾರಿಗೆ, 63ರಲ್ಲಿ ಅಪ್ಪನಿಗೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ್ದೇನೆ ಎಂದು ಬೀಗಿದ್ದೆ. ಚೀಟಿ ನೋಡಿದರೆ ಮೂರರಲ್ಲೂ ಒಂದೇ ಬರಹ: 'ಅಣ್ಣ ಕಲ್ಲು. ಅಣ್ಣ ಕಲ್ಲೇ.' ಏರಿದ್ದು ದನಿ ಮಾತ್ರ, ಕಥೆ ಕೂತಲ್ಲೇ ಕೂತಿತ್ತು. ಒಟ್ಟು ಹನ್ನೊಂದು ಪುಟದ ಜಗಳವನ್ನು 41ರಲ್ಲಿ ಒಂದೇ ಜಗಳ ಮಾಡಿ, ದುಡ್ಡಿನಿಂದ ಶುರುವಾಗಿ ಅಪ್ಪನಲ್ಲಿ ನಿಲ್ಲುವ ಹಾಗೆ ಐದು ಪುಟಕ್ಕೆ ತಂದೆ. ಆ ಮಾತಾಡದ ಫೋನಿನ ಸಾಲನ್ನೂ ಅದರ ಬಿಸಿಯಲ್ಲೇ ತೂರಿಸಿದೆ, ಯಾರಿಗೂ ಅದು ಸುಳಿವು ಅನ್ನಿಸಬಾರದಲ್ಲ. ಆಮೇಲೆ ಓದಿದಾಗ ನಾನು ಎಣಿಸದ ಲಾಭ ಕಂಡಿತು. 22ರ ಜಗಳ ಹೋದದ್ದರಿಂದ ಇಬ್ಬರೂ ಇಪ್ಪತ್ತು ಪುಟ ಒಂದೇ ಕ್ಯಾಬಿನ್ನಿನಲ್ಲಿ ಬಾಯಿ ಹೊಲಿದುಕೊಂಡು ಕೂತಿರುತ್ತಾರೆ. ಗೇರು ಬದಲಿಸುವ ಸದ್ದೂ ಬೈಗುಳದ ಹಾಗೆ ಕೇಳುತ್ತದೆ.

ಮುಂದಿನ ಸರದಿ ಮೆಕ್ಯಾನಿಕ್ ಕೇಶವನದು. ಇವನು ನನ್ನ ಮುದ್ದಿನ ಕೂಸು. ಲಾರಿ ರಿಪೇರಿ ಮಾಡುತ್ತ ಎರಡೂವರೆ ಪುಟ ಬದುಕಿನ ತತ್ತ್ವ ಹೇಳುತ್ತಿದ್ದ. ಅದಕ್ಕೆ ಮುಂಚೆ ಲಾರಿ ನಿಲ್ಲುತ್ತದೆ, ತಮ್ಮ ಇಳಿಯುತ್ತಾನೆ, "ಯಾರಿದ್ದೀರಾ?" "ಬಂದೆ ಬಂದೆ." "ಲಾರಿ ಕೆಟ್ಟಿದೆ." "ಏನಾಗಿದೆ?" "ಗೊತ್ತಿಲ್ಲ." "ನೋಡೋಣ ಬನ್ನಿ." ಇಷ್ಟು ಉಪಚಾರಕ್ಕೆ ಮುಕ್ಕಾಲು ಪುಟ. ಈಗ ದೃಶ್ಯ ತೆರೆಯುವುದೇ ಲಾರಿಯ ಅಡಿಯಿಂದ ಚಾಚಿದ ಕೇಶವನ ಎರಡು ಕಾಲಿನಿಂದ. ಅಡಿಯಿಂದಲೇ ಕೇಳುತ್ತಾನೆ, "ಎಷ್ಟು ವರ್ಷ ಆಯ್ತು ಇದನ್ನ ಬಿಚ್ಚಿ?" ಅಣ್ಣ ತಮ್ಮನನ್ನು ನೋಡುತ್ತಾನೆ, ತಮ್ಮ ನೆಲ ನೋಡುತ್ತಾನೆ. "ಆರು" ಎಂದು ಇಬ್ಬರೂ ಒಟ್ಟಿಗೇ ಅನ್ನುತ್ತಾರೆ. ದೃಶ್ಯ ಮುಗಿಯಿತು. ಎರಡೂವರೆ ಪುಟದ ತತ್ತ್ವ ಆ 'ಆರು' ಅನ್ನುವುದರಲ್ಲಿ ಅಡಗಿತು. ಆದರೂ ಆ ತತ್ತ್ವವನ್ನು ಬೇರೆ ಫೈಲಿನಲ್ಲಿ ಕಾಪಾಡಿಟ್ಟಿದ್ದೇನೆ, ಯಾವತ್ತಾದರೂ ಬೇರೆ ಮೆಕ್ಯಾನಿಕ್ ಸಿಕ್ಕಾನು.

ಸಣ್ಣಪುಟ್ಟವು ಹೆಚ್ಚು ಕಾಡಲಿಲ್ಲ. ನಾಲ್ಕು ಬಾಲ್ಯದ ಫ್ಲ್ಯಾಶ್‌ಬ್ಯಾಕುಗಳಲ್ಲಿ ಒಂದು ಉಳಿಯಿತು. ನಮ್ಮ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ 'ನಿಂತಿದ್ದಾನೆ', 'ನೋಡುತ್ತಾನೆ' ಎಂಬ ಒಂಟಿ ಪದ ಮುಂದಿನ ಸಾಲಿಗೆ ಇಳಿದು ಇಡೀ ಸಾಲು ಹಿಡಿದು ಕೂರುತ್ತದೆ. ಅದರ ಹಿಂದಿನ ಒಂದು 'ನಿಧಾನವಾಗಿ'ಯನ್ನು ಕಿತ್ತರೆ ಅದು ಮೇಲಕ್ಕೆ ಬರುತ್ತದೆ. ನನ್ನಲ್ಲಿ 'ನಿಧಾನವಾಗಿ' ಎಷ್ಟಿತ್ತೆಂದರೆ ಬರೀ ಅದರಿಂದಲೇ ಎರಡು ಪುಟ ಕಡಿಮೆಯಾಯಿತು.

ಎಡವಟ್ಟಾದದ್ದು ಮಾವನ ವಿಷಯದಲ್ಲಿ. ಕಥೆಯಲ್ಲಿ ಬುದ್ಧಿ ಹೇಳಲು ಒಬ್ಬ ಮಾವನೂ ಇದ್ದ. ಕೇಶವನೂ ಅದೇ ಕೆಲಸಕ್ಕಿದ್ದ. ಇಬ್ಬರನ್ನೂ ಒಬ್ಬನನ್ನಾಗಿಸಿದರೆ ನಾಲ್ಕು ಪುಟ ಉಳಿಯುತ್ತದೆ. ಒಳ್ಳೆಯ ಉಪಾಯವೇ. ಆದರೆ ಮಾವನ ಮಾತುಗಳನ್ನು ಕೂತು ಒಂದೊಂದಾಗಿ ಕೇಶವನ ಬಾಯಿಗೆ ಹೊಂದಿಸುವ ಬದಲು, ನಡುರಾತ್ರಿಯ ಸೋಮಾರಿತನದಲ್ಲಿ 'ಮಾವ' ಇದ್ದಲ್ಲೆಲ್ಲ 'ಕೇಶವ' ಹಾಕು ಎಂದು ಕಂಪ್ಯೂಟರಿಗೆ ಒಂದೇ ಏಟಿಗೆ ಹೇಳಿಬಿಟ್ಟೆ. ಅದು ಅಕ್ಷರ ನೋಡುತ್ತದೆ, ಸಂಬಂಧ ನೋಡುವುದಿಲ್ಲ. ಸೋದರಮಾವ ಸೋದರಕೇಶವನಾದ. ಮಾವಿನ ಮರ ಕೇಶವಿನ ಮರವಾಯಿತು. ಲಾರಿ ಮಾಲೀಕರ ಸಮಾವೇಶ ಸಕೇಶವೇಶವಾಗಿ, ಅದರಲ್ಲಿ ಕೇಶವ ಬೇರೆ ಯಾವುದೋ ವೇಷ ಹಾಕಿ ಬಂದಂತಿತ್ತು. ಒಂದೊಂದನ್ನೇ ಹೆಕ್ಕಿ ಸರಿ ಮಾಡಲು ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಮಾವನ ಅರ್ಧದಷ್ಟು ಬುದ್ಧಿಮಾತು ಯಾರ ಬಾಯಿಗೂ ಬೇಡವೆನ್ನಿಸಿ ತಾವಾಗಿಯೇ ಉದುರಿದವು.

ಕೂಡಿ ನೋಡಿದರೆ 21 ಪುಟ ಹೋಗಿತ್ತು. ಉಳಿದ ಒಂದು ಪುಟವನ್ನು ಕ್ಲೈಮ್ಯಾಕ್ಸಿಗೆ ಕೊಟ್ಟೆ. ಅಣ್ಣ ಮಾತು ಮುಗಿಸಿದ ಮೇಲೆ ತಮ್ಮ ತನ್ನ ಫೋನಿನಿಂದ ಅಣ್ಣನಿಗೆ ರಿಂಗ್ ಕೊಡುತ್ತಾನೆ. ಪಕ್ಕದಲ್ಲೇ ಕೂತ ಅಣ್ಣ ಎತ್ತುತ್ತಾನೆ. "ಹಲೋ" ಅನ್ನುತ್ತಾನೆ ತಮ್ಮ. ಅದರಲ್ಲಿ ನಗು ಇಲ್ಲ. ಅಣ್ಣ ಆರು ವರ್ಷದ ಹಿಂದೆ ಹೇಳಬೇಕಿದ್ದ ಸುದ್ದಿಯನ್ನು ಆಗ ಹೇಳುತ್ತಾನೆ. 138 ಪುಟವಿದ್ದಾಗ ಇದು ನನಗೆ ಹೊಳೆದೇ ಇರಲಿಲ್ಲ, ಕೇಶವ ಅಷ್ಟು ಮಾತಾಡುತ್ತಿದ್ದ. ಹೆಂಡತಿ ಈ ಸಲ ಹುಬ್ಬು ಗಂಟಿಕ್ಕಲಿಲ್ಲ. ಹಾಳೆ ಮಡಚಿಟ್ಟು ಎದ್ದು ಒಳಗೆ ಹೋದಳು. ತನ್ನ ತಂಗಿಗೆ ಫೋನ್ ಮಾಡುತ್ತಿದ್ದದ್ದು ಕೇಳಿಸಿತು.

ನಿರ್ದೇಶಕರು 118 ಪುಟವನ್ನು ಈ ಸಲ ತೂಗಲಿಲ್ಲ, ಬೆಳಕಿಗೆ ಹಿಡಿದು ಪರೀಕ್ಷಿಸಿ, ಆಮೇಲೆ ಓದಿದರು. ಕೊನೆಯ ಪುಟದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಉಸಿರು ಬಿಡುವುದರೊಳಗೆ ಹಿಂದಕ್ಕೆ ಹಾಳೆ ತಿರುಗಿಸಿ ಒಂದು ಕಡೆ ಬೆರಳಿಟ್ಟರು.

"ಇದೇನು, 'ಅಕೇಶವಾಸ್ಯೆಯ ರಾತ್ರಿ, ಲಾರಿಯ ದೀಪವೂ ಆರಿದೆ' ಅಂತ?"

ಅಮಾವಾಸ್ಯೆಯೊಳಗೂ ಒಬ್ಬ ಮಾವ ಅಡಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಏನು ಹೇಳಲಿ ಎಂದು ತಡವರಿಸುತ್ತಿದ್ದೆ.

"ಯಾವ ಕಡೆಯ ಪದಾರೀ ಇದು? ಚೆನ್ನಾಗಿದೆ" ಅಂದರು. "ಇದನ್ನ ಮಾತ್ರ ತೆಗೀಬೇಡಿ."