ಎರಡು ಎಕರೆ ಹತ್ತು ಗುಂಟೆ, ಒಂದು ದುಂಡು ಸೀಲು

ನಮ್ಮೂರ ಅಜ್ಜಿಯೊಬ್ಬರ ಜಮೀನು ತಕರಾರು ಹೈಕೋರ್ಟಿನವರೆಗೂ ಹೋಗಿತ್ತು. ಅಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯಬೇಕಲ್ವಾ, ಹಾಗಾಗಿ ಅಜ್ಜಿ ಕನ್ನಡದಲ್ಲಿ ಹೇಳಿದ್ದನ್ನು ವಕೀಲರು ಇಂಗ್ಲಿಷಿಗೆ ತಿರುಗಿಸಿ ಅಫಿಡವಿಟ್ ಮಾಡಿದರು. ಕೊನೆಯಲ್ಲಿ ಒಂದು ಸಾಲು: 'ಇದನ್ನು ಕನ್ನಡದಲ್ಲಿ ಓದಿ ಹೇಳಲಾಗಿದೆ, ಅರ್ಥವಾಗಿದೆ'. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಈಗ ಅದೇ ಕಾಗದವನ್ನು ತಾಲ್ಲೂಕು ಕೋರ್ಟಿನಲ್ಲಿ ಹಾಜರುಪಡಿಸಬೇಕು, ಅಲ್ಲಿ ಕನ್ನಡ ಅನುವಾದ ಬೇಕಂತೆ. ಅಂದರೆ ಅಜ್ಜಿಯ ಮಾತು ಬೆಂಗಳೂರಿಗೆ ಹೋಗಿ ಪ್ಯಾಂಟು ಹಾಕಿಕೊಂಡು ಬಂತು, ಅದಕ್ಕೆ ನಾನು ಮತ್ತೆ ಸೀರೆ ಉಡಿಸಬೇಕು.

"ಮೇಷ್ಟ್ರೇ, ನಾನೇ ಇನ್ನೊಂದ್ಸಲ ಹೇಳ್ತೀನಿ, ಬರ್ಕೊಳಿ" ಅಂದರು ಅಜ್ಜಿ. ಹಾಗೆ ಮಾಡುವಂತಿಲ್ಲ ಅಜ್ಜಿ, ನೀವು ಹೇಳಿದ್ದು ಈಗ ಲೆಕ್ಕಕ್ಕಿಲ್ಲ, ಕಾಗದ ಹೇಳಿದ್ದೇ ಲೆಕ್ಕ ಅಂದೆ.

ಶುರುವಿನಲ್ಲೇ ಎಡವಿದೆ. ಊರ ಹೆಸರಿನ ಕೊನೆಗೆ 'ಹಳ್ಳಿ' ಇದೆ. ಇಂಗ್ಲಿಷಿಗೆ ಳ ಗೊತ್ತಿಲ್ಲ. ಕಾಗದವನ್ನಷ್ಟೇ ನಂಬಿ ಬರೆದರೆ ಅಜ್ಜಿ ಹಲ್ಲಿಯ ಕಾಯಂ ನಿವಾಸಿ ಆಗುತ್ತಾರೆ. ಅದಕ್ಕೇ ಹೆಸರುಗಳನ್ನು ಊಹೆ ಮಾಡಬಾರದು, ಪಹಣಿ ಮತ್ತು ಆಧಾರ್ ತರಿಸಿಕೊಂಡು ಅಲ್ಲಿ ಹೇಗಿದೆಯೋ ಹಾಗೇ ಬರೆಯಬೇಕು. ಪಹಣಿ ಇರುವುದೇ ಕನ್ನಡದಲ್ಲಿ, ನೋಡಿ.

ಪಹಣಿ ತೆಗೆದದ್ದು ಒಳ್ಳೆಯದಾಯಿತು. ಅದರಲ್ಲಿ ವಿಸ್ತೀರ್ಣ 2-10, ಅಂದರೆ ಎರಡು ಎಕರೆ ಹತ್ತು ಗುಂಟೆ. ಬೆಂಗಳೂರಿನ ಟೈಪಿಸ್ಟು ನಡುವಿನ ಗೆರೆಯನ್ನು ಚುಕ್ಕಿ ಮಾಡಿ '2.10 ಎಕರೆ' ಅಂತ ಹೊಡೆದಿದ್ದಾರೆ. ಎಕರೆಗೆ 40 ಗುಂಟೆ. 0.10 ಎಕರೆ ಅಂದರೆ ನಾಲ್ಕೇ ಗುಂಟೆ. ಒಂದು ಚುಕ್ಕಿ ಆರು ಗುಂಟೆ ನುಂಗಿತು, ಗುಂಟೆಗೆ 1089 ಚದರಡಿ ಲೆಕ್ಕದಲ್ಲಿ ಆರೂವರೆ ಸಾವಿರ ಚದರಡಿ. ತಕರಾರು ಇರುವುದೂ ಬೇಲಿ ಪಕ್ಕದ ಆ ಆರು ಗುಂಟೆಗೇ!

ಇಲ್ಲಿ ಅನುವಾದಕನ ಕೈ ಕಟ್ಟಿಹಾಕಿದಂತೆ. ಮೂಲದ ತಪ್ಪು ಗೊತ್ತಿದ್ದರೂ ತಿದ್ದಬಾರದು. '2.10 ಎಕರೆ' ಅಂತಲೇ ಬರೆದು, ಕೆಳಗೆ ಟಿಪ್ಪಣಿ ಹಾಕಿದೆ: 'ಮೂಲದಲ್ಲಿ ಹೀಗಿದೆ. ಪಹಣಿಯಲ್ಲಿ 2-10 ಎಂದಿದೆ.' ತಿದ್ದಬೇಕಾದವರು ವಕೀಲರು, ಬೇರೆ ಅಫಿಡವಿಟ್ ಹಾಕಿ. ಮೂಲದ ಸೀಲುಗಳನ್ನೂ ನಕಲು ಮಾಡಲಿಲ್ಲ, [ದುಂಡು ಮೊಹರು, ನೋಟರಿಯದು], [ಸಹಿ, ಓದಲಾಗದು] ಅಂತ ಚೌಕ ಕಂಸದಲ್ಲಿ ಬರೆದೆ. ಕೊನೆಗೆ ದೃಢೀಕರಣ: ನನಗೆ ಎರಡೂ ಭಾಷೆ ಬರುತ್ತದೆ, ನನ್ನ ತಿಳಿವಳಿಕೆಯ ಮಟ್ಟಿಗೆ ಇದು ಇಂಗ್ಲಿಷ್ ಮೂಲದ ಪೂರ್ಣ ಮತ್ತು ಸರಿಯಾದ ಅನುವಾದ. ಹೆಸರು, ವಿಳಾಸ, ತಾರೀಕು, ಪ್ರತಿ ಪುಟಕ್ಕೂ ಸಹಿ. ಅನುವಾದ ಸರಿ ಅಂದೆನೇ ಹೊರತು ಅಜ್ಜಿ ಹೇಳಿದ್ದು ನಿಜ ಅಂತ ನಾನು ಎಲ್ಲೂ ಹೇಳಿಲ್ಲ. ಈ ವ್ಯತ್ಯಾಸ ಯಾರಿಗೂ ಬೇಕಾಗಿಲ್ಲ ಬಿಡಿ.

ತಾಲ್ಲೂಕು ಕೋರ್ಟಿನ ಕೌಂಟರಿನವರು ಅನುವಾದವನ್ನು ಓದಲಿಲ್ಲ. ಕಾಗದ ಮಗುಚಿ ನೋಡಿದರು. "ಸೀಲೆಲ್ಲಿ?" ಅಂದರು. ಸಹಿ ಇದೆಯಲ್ಲಾ ಸಾರ್ ಅಂದೆ. "ಸಹಿ ಯಾರು ಬೇಕಾದ್ರೂ ಹಾಕ್ತಾರೆ." ಸೀಲನ್ನೂ ಯಾರು ಬೇಕಾದರೂ ಮಾಡಿಸುತ್ತಾರೆ, ಕೋರ್ಟಿನ ಎದುರಿಗೇ ಅಂಗಡಿ ಇದೆ, ಆದರೆ ವಾದ ಮಾಡಿದರೆ ಅವತ್ತಿನ ದಿನ ಹೋಯಿತು.

ನೋಟರಿ ಹತ್ತಿರ ಹೋದೆ. 1952ರ ನೋಟರಿ ಕಾಯ್ದೆಯ 8ನೇ ಕಲಮಿನ ಪ್ರಕಾರ ನೋಟರಿ ಅನುವಾದವನ್ನು ತಾಳೆ ನೋಡಿ ದೃಢೀಕರಿಸಬಹುದು. ಇವರು ತಾಳೆ ನೋಡಿದ್ದು ಫೀಸನ್ನು. ನಿಯಮದ ಪ್ರಕಾರ ಐದು ಸೆಂಟಿಮೀಟರ್ ಅಗಲದ ದುಂಡು ಸೀಲು ನನ್ನ ದೃಢೀಕರಣದ ಮೇಲೇ ಬಿತ್ತು. 'ಸರಿಯಾದ' ಅನ್ನುವ ಪದ ಅದರಡಿ ಮುಚ್ಚಿಹೋಯಿತು.

ಸ್ಟ್ಯಾಂಪ್ ಪೇಪರ್ ಬೇರೆ ಕೇಳಿದರು. ಕೋರ್ಟಿಗೆ ಹಾಕುವುದಕ್ಕೆಂದೇ ಮಾಡಿದ ಅಫಿಡವಿಟ್‌ಗೆ ಸ್ಟ್ಯಾಂಪ್ ಕಾಯ್ದೆಯಲ್ಲೇ ವಿನಾಯಿತಿ ಇದೆ, ಇದಂತೂ ಅಫಿಡವಿಟ್ಟೂ ಅಲ್ಲ, ಅನುವಾದ. ಹಾಗಂತ ಹೇಳಿದೆ. "ಇರ್ಲಿ ಮೇಷ್ಟ್ರೇ, ನೋಡೋಕೆ ಚೆನ್ನಾಗಿರುತ್ತೆ" ಅಂದರು. ತಂದುಕೊಟ್ಟೆ.

ಮತ್ತೆ ಕೌಂಟರು. ಈ ಸಲ ಓದಿದರು, ಓದಿದ್ದು ಟಿಪ್ಪಣಿಯನ್ನು ಮಾತ್ರ.

"ಇದು ಮೂಲದಲ್ಲಿ ಇಲ್ವಲ್ಲ? ತೆಗೀರಿ."

ತೆಗೆದರೆ ಆರು ಗುಂಟೆ ವಿಷಯ ಯಾರ ಕಣ್ಣಿಗೂ ಬೀಳುವುದಿಲ್ಲ ಸಾರ್, ಅದು ಅನುವಾದಕನ ಟಿಪ್ಪಣಿ ಅಂತ ಮೇಲೇ ಬರೆದಿದ್ದೇನೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿದರು.

"ಹಾಗಾದ್ರೆ ಅದಕ್ಕೂ ಒಂದು ಸೀಲು ಹೊಡ್ಸಿ."

ಹೊಡೆಸಿದೆ. ಅವಸರದಲ್ಲಿ ತಲೆಕೆಳಗಾಗಿ ಬಿತ್ತು. ಕಾಗದ ತೆಗೆದುಕೊಂಡರು.