ಬಾಡಿಗೆ ಒಂದನೇ ತಾರೀಖಿಗೆ, ರಿಪೇರಿ ಯಾವ ತಾರೀಖಿಗೆ?

ನಿನ್ನೆ ರಾತ್ರಿ ಸ್ವಿಚ್ ಬೋರ್ಡಿನಿಂದ ಚಟಪಟ ಸದ್ದು ಬಂತು. ಮಾಳಿಗೆ ಮೇಲಿನ ಸಿಂಟೆಕ್ಸಿನ ಪೈಪು ಸೋರಿ, ಗೋಡೆಯೊಳಗೆ ಇಳಿದ ನೀರು ವೈರಿಂಗ್ ಮುಟ್ಟಿದೆ. ಮೇನ್ ಆಫ್ ಮಾಡಿ, ರಾಯಚೂರಿನ ಈ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಇಡೀ ರಾತ್ರಿ ಬೆಂದೆವು. ಹೊರಗೆ ಮಳೆ ಒಂದು ಹನಿಯಿಲ್ಲ, ಮನೆಯೊಳಗೆ ಮಾತ್ರ ಮುಂಗಾರು!

ಮನೆ ಮಾಲೀಕರಿಗೆ ಎರಡು ತಿಂಗಳಲ್ಲಿ ಐದು ಮೆಸೇಜು, ಮೂರು ಫೋಟೋ, ಒಂದು ವಿಡಿಯೋ. ಎಲ್ಲಕ್ಕೂ ನೀಲಿ ಟಿಕ್ಕು. ಫೋನ್ ಮಾಡಿದರೆ, ‘ನೋಡೋಣ್ರಿ, ಹುಡುಗನ್ನ ಕಳಸ್ತೀನಿ.’ ಆ ಹುಡುಗ ಇಷ್ಟರಲ್ಲಿ ಮದುವೆಯಾಗಿ ಮಕ್ಕಳನ್ನೂ ಹೆತ್ತಿರಬೇಕು. ಬಾಡಿಗೆ ಎರಡು ದಿನ ತಡವಾದರೆ ಮಾತ್ರ ಅವರ ಫೋನಿಗೆ ಎಲ್ಲಿಂದ ಜೀವ ಬರುತ್ತದೋ!

ಕರಾರು ಪತ್ರ ತೆಗೆದು ನೋಡಿದೆ. 8ನೇ ಷರತ್ತು: ಬಲ್ಬು, ನಲ್ಲಿಯ ವಾಷರ್ ನನ್ನದು. ಮಾಳಿಗೆ, ಪೈಪು, ವೈರಿಂಗ್ ಅವರದು. ಬರೆಸಿದ್ದೂ ಅವರೇ ಅಲ್ವಾ? ಸಹಿ ಹಾಕುವಾಗ ಕನ್ನಡಕ ಮರೆತಿದ್ದರಾ?

ಇವತ್ತು ಆ ಷರತ್ತನ್ನು ಇದ್ದ ಹಾಗೇ ಬರೆದೆ. ಹಳೇ ಮೆಸೇಜುಗಳ ತಾರೀಖು ಸೇರಿಸಿದೆ. ‘20ನೇ ತಾರೀಖು ಸಂಜೆ 6ರೊಳಗೆ ಪೈಪು, ವೈರಿಂಗ್ ಎರಡೂ ಸರಿಯಾಗಬೇಕು’ ಎಂದು ಸ್ಪೀಡ್ ಪೋಸ್ಟ್ ಮಾಡಿದೆ. ‘ಆದಷ್ಟು ಬೇಗ’ ಅಂತ ಬರೆಯಲಿಲ್ಲ. ಅವರ ಕ್ಯಾಲೆಂಡರಿನಲ್ಲಿ ಆ ದಿನ ಇನ್ನೂ ಅಚ್ಚಾಗಿಲ್ಲ.

ಸ್ವೀಕೃತಿ ಚೀಟಿಗೆ ಸಹಿಯನ್ನಾದರೂ ಮಾಡುತ್ತಾರಾ, ಅದಕ್ಕೂ ಹುಡುಗನ್ನೇ ಕಳಸ್ತಾರಾ?